ಆಯುಧಪೂಜೆ ಆದ ಮೇಲೆ ಅಂಟುವ ಕೀ, ಕಲೆ ಬಿದ್ದ ಸ್ಕ್ರೀನ್: ಯಾವುದು ಕೊಳೆ, ಯಾವುದು ಹಾನಿ ಎಂದು ತಿಳಿಯುವ ಬಗೆ

ಬೆಂಗಳೂರಿನ ಮನೆಗಳಲ್ಲಿ ಆಯುಧಪೂಜೆಯ ದಿನ ಸ್ಕೂಟರ್, ಮಿಕ್ಸಿ, ಹೊಲಿಗೆ ಮಷೀನಿನ ಜೊತೆ ಲ್ಯಾಪ್‌ಟಾಪ್‌ಗೂ ಅರಿಶಿನ ಕುಂಕುಮ ಬೀಳುತ್ತದೆ. ನಮ್ಮನೆಯಲ್ಲೂ ಹಾಗೇ. ಪೂಜೆಯಿಂದ ಲ್ಯಾಪ್‌ಟಾಪ್ ಕೆಟ್ಟಿದ್ದು ನಾನು ನೋಡಿದ್ದು ಕಡಿಮೆ. ಮಾರನೇ ದಿನ ಒರೆಸುವಾಗ ಕೆಟ್ಟಿದ್ದೇ ಜಾಸ್ತಿ.

ಹೋದ ಸಲ ನಮ್ಮ ಅತ್ತಿಗೆಯ ಲ್ಯಾಪ್‌ಟಾಪ್ ನನ್ನ ಮೇಜಿಗೆ ಬಂತು. ಅವರು ಮನೆಯಿಂದಲೇ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾರೆ. "ನೋಡಪ್ಪ, ನಾನೇನೂ ಮಾಡಿಲ್ಲ. ಸುಮ್ನೆ ಒರೆಸಿದೆ ಅಷ್ಟೇ" ಅಂದರು. ಕೆದಕಿ ಕೇಳಿದಾಗ ಒಂದೊಂದೇ ಹೊರಗೆ ಬಂತು. ಪೂಜೆಗೆ ಮುಚ್ಚಳ ತೆರೆದೇ ಇಟ್ಟಿದ್ದರು. ಪಕ್ಕದಲ್ಲೇ ಕಾಯಿ ಒಡೆದಾಗ ನೀರು ಕೀಬೋರ್ಡಿನ ಬಲಗಡೆಗೆ ಸಿಡಿದಿತ್ತು. ಆಮೇಲೆ ಕೀಬೋರ್ಡನ್ನು ಹ್ಯಾಂಡ್ ಸ್ಯಾನಿಟೈಸರ್ ಹಚ್ಚಿದ ಹತ್ತಿಯಲ್ಲಿ ಉಜ್ಜಿದ್ದರು. ಸ್ಕ್ರೀನಿಗೆ ಕಿಟಕಿ ಗಾಜು ಒರೆಸುವ ನೀಲಿ ದ್ರವವನ್ನು ನೇರವಾಗಿ ಸ್ಪ್ರೇ ಮಾಡಿದ್ದರು. ಇದೆಲ್ಲ ಆಗಿ ಒಂಬತ್ತು ದಿನ ಕಳೆದಿತ್ತು.

ಈಗ L ಒತ್ತಿದರೆ ಕೆಳಗೆ ಹೋಗಿ ನಿಧಾನಕ್ಕೆ ಮೇಲೆ ಬರುತ್ತದೆ. Enter ಒಂದು ಸಲ ಒತ್ತಿದರೆ ಮೂರು ಸಾಲು ಹಾರುತ್ತದೆ. ಅರ್ಧವಿರಾಮದ ಕೀ, ಅಂದರೆ `;`, ಯಾರೂ ಮುಟ್ಟದಿದ್ದರೂ ತಾನೇ ಬೀಳುತ್ತದೆ. ಸ್ಕ್ರೀನಿನ ಎಡಗಡೆ ಅಂಗೈ ಅಗಲದ ಮಸುಕು. ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ಮೋಡದಂಥ ಕಲೆ. ನೋಡುವುದಕ್ಕೆ ಐದೂ ಕೊಳೆಯಂತೆಯೇ ಇದ್ದವು. ನಿಜಕ್ಕೂ ಕೊಳೆ ಇದ್ದದ್ದು ಎರಡರಲ್ಲಿ ಮಾತ್ರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದ್ರವ ಈಗಷ್ಟೇ ಬಿದ್ದಿದ್ದರೆ ಈ ಬರಹ ಓದುತ್ತಾ ಕೂರಬೇಡಿ. ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಮುಚ್ಚಳ ತೆರೆದು, ಗುಡಾರದ ಹಾಗೆ ಬೋರಲು ನಿಲ್ಲಿಸಿ. ಹೇರ್ ಡ್ರೈಯರ್ ಬೇಡ, ಬಿಸಿಲು ಬೇಡ, ಅಕ್ಕಿ ಡಬ್ಬಿಯಂತೂ ಬೇಡವೇ ಬೇಡ. ಮುಂದಿನದೆಲ್ಲ ಒಣಗಿದ ಮೇಲಿನ ಕತೆ.

ಕೀ ನಿಜಕ್ಕೂ ಅಂಟುತ್ತಿದೆಯೇ?

ಮುಟ್ಟುವ ಮೊದಲು ಸಾಫ್ಟ್‌ವೇರ್ ದೋಷ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ Shift ಕೀಯನ್ನು ಐದು ಸಲ ಒತ್ತಿದರೆ `Sticky Keys` ಬೇಕೇ ಎಂದು ಕೇಳುತ್ತದೆ. ಬಲಗಡೆಯ Shift ಅನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ `Filter Keys` ಬರುತ್ತದೆ. ಕೀಬೋರ್ಡ್ ಒರೆಸುವಾಗ ಇವೆರಡೂ ಗೊತ್ತಿಲ್ಲದೆ ಆನ್ ಆಗುವುದು ಮಾಮೂಲು. `Filter Keys` ಆನ್ ಆಗಿದ್ದರೆ ಕೀಬೋರ್ಡ್ ಪೂರ್ತಿ ಮಂದವಾದಂತೆ ಅನ್ನಿಸುತ್ತದೆ. ಆಗ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ಸೆಟ್ಟಿಂಗ್ಸ್‌ನ `Accessibility` ಒಳಗೆ ಹೋಗಿ ಎರಡನ್ನೂ ಆಫ್ ಮಾಡಿ. ಒಂದು ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ ಟೈಪ್ ಮಾಡಿಯೂ ನೋಡಿ. ಅದರಲ್ಲಿ ಸರಿ ಇದ್ದು, ಲ್ಯಾಪ್‌ಟಾಪಿನದರಲ್ಲಿ ಮಾತ್ರ ತೊಂದರೆ ಇದ್ದರೆ ದೋಷ ಬಹುಮಟ್ಟಿಗೆ ಕೀಬೋರ್ಡಿನದೇ.

ಆಮೇಲೆ ಬೆರಳನ್ನು ನಂಬಬೇಕು. ಲ್ಯಾಪ್‌ಟಾಪ್ ಆಫ್ ಮಾಡಿ, ಅನುಮಾನದ ಕೀಯನ್ನೂ ಅದರ ಪಕ್ಕದ ಕೀಯನ್ನೂ ಒಂದಾದ ಮೇಲೊಂದು ಹತ್ತು ಸಲ ನಿಧಾನವಾಗಿ ಒತ್ತಿ. ಒಂದು ಪಟ್ಟನೆ ಮೇಲೆ ಬಂದು, ಇನ್ನೊಂದು ಸೋಮಾರಿಯಂತೆ ಎದ್ದರೆ ಅದು ಅಂಟು. ಅತ್ತಿಗೆಯ L ಮತ್ತು Enter ಎರಡೂ ಹೀಗಿದ್ದವು. Enter ಮೂರು ಸಾಲು ಹಾರುತ್ತಿದ್ದುದೂ ಇದಕ್ಕೇ. ಕೀ ಮೇಲೆ ಬರಲು ತಡವಾದರೆ ಕಂಪ್ಯೂಟರ್ ಅದನ್ನು ಒತ್ತಿ ಹಿಡಿದಿದ್ದಾರೆ ಅಂದುಕೊಳ್ಳುತ್ತದೆ.

ಆದರೆ `;` ಪಕ್ಕದವುಗಳಂತೆಯೇ ಪಟ್ಟನೆ ಏಳುತ್ತಿತ್ತು. ಆದರೂ ತಾನೇ ಬೀಳುತ್ತಿತ್ತು. ಬೆರಳಿಗೆ ಸರಿ ಇದ್ದು ಸ್ಕ್ರೀನಿನಲ್ಲಿ ತಪ್ಪು ಬಂದರೆ ದೋಷ ಕೀಯ ಕೆಳಗಿನ ಪದರದಲ್ಲಿರುತ್ತದೆ. ಇದನ್ನು ನೋಟ್‌ಪ್ಯಾಡಿನಲ್ಲಿ ನೋಡಬಹುದು. ಇಲ್ಲವೇ Windows ಕೀ ಮತ್ತು R ಒಟ್ಟಿಗೆ ಒತ್ತಿ, ಈ ಆಜ್ಞೆ ಕೊಟ್ಟು ತೆರೆಯ ಮೇಲಿನ ಕೀಬೋರ್ಡ್ ತರಿಸಬಹುದು:

```
osk
```

ನೀವು ಮುಟ್ಟದ ಕೀ ಅದರಲ್ಲಿ ಬೆಳಗಿದರೆ, ಅಥವಾ ಒಂದು ಕೀ ಒತ್ತಿದಾಗ ಎರಡು ಬೆಳಗಿದರೆ, ವಿಷಯ ಒಳಗಿನದು. ಸದ್ಯಕ್ಕೆ `;` ಅನ್ನು ಪಕ್ಕಕ್ಕಿಡೋಣ.

ಯಾವ ಕೊಳೆಗೆ ಯಾವ ದ್ರವ

ಇಲ್ಲಿ ಬಹಳ ಜನ ಎಡವುತ್ತಾರೆ, ರಿಪೇರಿಯವರೂ ಸೇರಿ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಐಪಿಎ ಎಂದು ಕೇಳಿದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಾಟಲಿ ಕೊಡುತ್ತಾರೆ. ಸಾಮಾನ್ಯವಾಗಿ ಅದು 99% ಇರುತ್ತದೆ. ಬೇಗ ಆರುತ್ತದೆ, ಜಿಡ್ಡು ತೆಗೆಯುತ್ತದೆ, ಸರ್ಕ್ಯೂಟ್ ಬೋರ್ಡಿಗೆ ಒಳ್ಳೆಯದು. ಹಾಗಾಗಿ ಎಲ್ಲದಕ್ಕೂ ಅದೇ ಎಂದಾಗಿಬಿಟ್ಟಿದೆ.

ಆದರೆ ಸಕ್ಕರೆ ಅದರಲ್ಲಿ ಕರಗುವುದಿಲ್ಲ. ಬೇಕಾದರೆ ಒಂದು ಚಿಟಿಕೆ ಸಕ್ಕರೆಯನ್ನು 99% ಐಪಿಎಗೆ ಹಾಕಿ ಕಲಕಿ ನೋಡಿ. ಹಾಗೇ ತಳದಲ್ಲಿ ಕೂತಿರುತ್ತದೆ. ಕೀಬೋರ್ಡಿಗೆ ಬೀಳುವುದೇನು? ಕಾಫಿ, ಟೀ, ಜ್ಯೂಸ್, ಎಳನೀರು, ಕಾಯಿ ನೀರು. ಎಲ್ಲದರಲ್ಲೂ ಸಕ್ಕರೆ. ಸಕ್ಕರೆಗೆ ನೀರೇ ಬೇಕು. ಅದಕ್ಕೇ ಅಂಟಿದ ಕೀಗೆ 99% ಗಿಂತ 70% ಐಪಿಎ ಚೆನ್ನಾಗಿ ಕೆಲಸ ಮಾಡುತ್ತದೆ. ಅದರಲ್ಲಿರುವ ನೀರು ಸಕ್ಕರೆ ಕರಗಿಸುತ್ತದೆ, ಆಲ್ಕೋಹಾಲ್ ಕೈಯ ಜಿಡ್ಡನ್ನು ಎತ್ತುತ್ತದೆ, ಉಳಿದ ತೇವ ಬೇಗ ಆರುತ್ತದೆ. ಮನೆಯಲ್ಲಿ ಮಾಡಿಕೊಳ್ಳುವುದೂ ಸುಲಭ. 70 ಎಂಎಲ್ ಐಪಿಎಗೆ 30 ಎಂಎಲ್ ಡಿಸ್ಟಿಲ್ಡ್ ವಾಟರ್ ಸೇರಿಸಿ. ದೇವರ ದೀಪ ಉರಿಯುವ ಕೋಣೆಯಲ್ಲಿ ಮಾತ್ರ ಈ ಕೆಲಸ ಬೇಡ, ಐಪಿಎ ಆವಿಗೆ ಬೆಂಕಿ ಬೇಗ ಹತ್ತುತ್ತದೆ.

ಡಿಸ್ಟಿಲ್ಡ್ ವಾಟರ್ ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾನಿನ ಮೇಲೆ ಏನು ಬರೆದಿದೆ ಎಂದು ಓದಿ ತನ್ನಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಅಂಥದ್ದೇ ಕ್ಯಾನಿನಲ್ಲಿರುತ್ತದೆ. ನಲ್ಲಿ ನೀರು ಯಾಕೆ ಬೇಡ ಅಂದರೆ, ನಮ್ಮ ಬೋರ್‌ವೆಲ್ ನೀರು ಗಡಸು. ಆರಿದ ಮೇಲೆ ಬಿಳಿ ಉಪ್ಪಿನ ಗುರುತು ಬಿಡುತ್ತದೆ. ಸ್ಟೀಲ್ ನಲ್ಲಿಯ ಮೇಲೆ ದಿನಾ ನೋಡುತ್ತೀರಲ್ಲ, ಅದೇ. ಕಾವೇರಿ ನೀರು ಅಷ್ಟು ಗಡಸಲ್ಲ, ಆದರೆ ಟ್ಯಾಂಕಿನಲ್ಲಿ ಎರಡೂ ಬೆರೆತಿರುವ ಮನೆಗಳೇ ಜಾಸ್ತಿ.

ಹ್ಯಾಂಡ್ ಸ್ಯಾನಿಟೈಸರ್‌ನಲ್ಲೂ ಆಲ್ಕೋಹಾಲ್ ಇದೆಯಲ್ಲ ಎಂದು ಅತ್ತಿಗೆ ವಾದ ಮಾಡಿದರು. ಇದೆ. ಆದರೆ ಕೈ ಒಣಗಬಾರದು ಎಂದು ಅದಕ್ಕೆ ಗ್ಲಿಸರಿನ್ ಹಾಕಿರುತ್ತಾರೆ. ಜೆಲ್ ಆದರೆ ಗಟ್ಟಿಯಾಗಿಸುವ ವಸ್ತುವೂ ಇರುತ್ತದೆ. ಆಲ್ಕೋಹಾಲ್ ಹಾರಿಹೋಗುತ್ತದೆ, ಗ್ಲಿಸರಿನ್ ಉಳಿಯುತ್ತದೆ. ಅಂಟು ತೆಗೆಯಲು ಹೋಗಿ ಇನ್ನೊಂದು ಅಂಟು ಬಳಿದಂತಾಯಿತು. ಮೆಡಿಕಲ್ ಶಾಪಿನ ಸ್ಪಿರಿಟ್ ತರುವುದಾದರೂ ಲೇಬಲ್ ಓದಿ. ಅದರಲ್ಲಿ ಐಸೊಪ್ರೊಪೈಲ್ ಎಂದೇ ಇರಬೇಕು, ಎಣ್ಣೆ ಅಥವಾ ಸುವಾಸನೆ ಸೇರಿರಬಾರದು. ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಕೀಗಳ ಪ್ಲಾಸ್ಟಿಕ್ಕೇ ಕರಗಿ ಮೆತ್ತಗಾಗುತ್ತದೆ.

ಕೀ ಬಿಡಿಸುವುದು

ಮೊದಲ ಪ್ರಯತ್ನ ಕೀ ಕೀಳದೆಯೇ ಆಗಲಿ. ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಆಗಿರಬೇಕು, ಚಾರ್ಜರ್ ತೆಗೆದಿರಬೇಕು. ಕೆಲವು ಲ್ಯಾಪ್‌ಟಾಪ್‌ಗಳು ಯಾವುದಾದರೂ ಕೀ ಒತ್ತಿದರೂ ಆನ್ ಆಗುತ್ತವೆ, ಆದ್ದರಿಂದ ಸ್ಕ್ರೀನ್ ಮೇಲೆ ಒಂದು ಕಣ್ಣಿರಲಿ. ಓರೆಯಾಗಿ ಎತ್ತಿ ಹಿಡಿದು, ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಬ್ಲೋವರ್‌ನಲ್ಲಿ ಊದಿ ಪುಡಿ ಉದುರಿಸಿ. ಪೂಜೆಯಾದ ಕೀಬೋರ್ಡಿನಿಂದ ಕುಂಕುಮ, ಅಕ್ಷತೆಯ ಚೂರು, ಊದುಬತ್ತಿ ಬೂದಿ ಎಲ್ಲ ಉದುರುತ್ತವೆ. ಡಬ್ಬಿಯ ಗಾಳಿ ಬಳಸುವುದಾದರೆ ಡಬ್ಬಿ ನೆಟ್ಟಗೇ ಇರಲಿ. ಓರೆ ಮಾಡಿದರೆ ಕೊರೆಯುವ ದ್ರವ ಚಿಮ್ಮುತ್ತದೆ.

ಈಗ ಹತ್ತಿ ಕಡ್ಡಿಯನ್ನು 70% ಐಪಿಎಯಲ್ಲಿ ಅದ್ದಿ, ಬಾಟಲಿಯ ಅಂಚಿಗೆ ಒತ್ತಿ ಹಿಂಡಿ. ತೊಟ್ಟಿಕ್ಕಬಾರದು. ಕೀಯ ನಾಲ್ಕೂ ಅಂಚಿನ ಸಂದಿಯಲ್ಲಿ ಓಡಿಸಿ. ಮೂವತ್ತು ಸಲ ಒತ್ತಿ ಬಿಡಿ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹಾಗೇ ಮಾಡಿ. ಎರಡು ಮೂರು ಸಲಕ್ಕೆ ಕೀ ಚುರುಕಾದರೆ ಅಲ್ಲಿಗೆ ನಿಲ್ಲಿಸಿ. ಕೀ ಕೀಳುವ ಚಪಲ ಬೇಡ.

ಅತ್ತಿಗೆಯ L ಇದಕ್ಕೆ ಅರ್ಧ ಬಗ್ಗಿತು, ಆದರೆ ಪೂರ್ತಿ ಅಲ್ಲ. ಒಂಬತ್ತು ದಿನ ಒಣಗಿದ ಅಂಟು ಅದು. ಹಾಗಾಗಿ ಕೀಳಲೇಬೇಕಾಯಿತು.

ಸಾಮಾನ್ಯ ಲ್ಯಾಪ್‌ಟಾಪ್ ಕೀಯ ಕೆಳಗೆ ಎರಡು ಪುಟ್ಟ ಪ್ಲಾಸ್ಟಿಕ್ ಚೌಕಟ್ಟು ಕತ್ತರಿಯಂತೆ ಸಿಕ್ಕಿಕೊಂಡಿರುತ್ತವೆ. ನಡುವೆ ಒಂದು ರಬ್ಬರ್ ಟೋಪಿ. ಕೀಯನ್ನು ನೇರವಾಗಿ ಮೇಲೆತ್ತುವುದು ಕತ್ತರಿ, ಸ್ಪ್ರಿಂಗ್‌ನಂತೆ ಪುಟಿಸುವುದು ಟೋಪಿ. ಅಂಟು ಕೂರುವುದು ಕತ್ತರಿಯ ಕೀಲುಗಳಲ್ಲಿ. ಕೀ ಒಂದು ಕಡೆ ಟಕ್ ಎಂದು ಕೂರುವ ಕ್ಲಿಪ್‌ನಿಂದ, ಇನ್ನೊಂದು ಕಡೆ ಜಾರಿ ಸಿಕ್ಕಿಕೊಳ್ಳುವ ಕೊಕ್ಕೆಯಿಂದ ನಿಂತಿರುತ್ತದೆ. ಯಾವ ಕಡೆ ಯಾವುದು ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಅದಕ್ಕೇ ನಿಮ್ಮ ಮಾಡೆಲ್ ನಂಬರ್ ಹಾಕಿ ಒಂದು ವಿಡಿಯೋ ನೋಡಿಕೊಂಡೇ ಕೈ ಹಾಕಿ. ಸ್ಕ್ರೂಡ್ರೈವರ್ ಬೇಡ. ಗಿಟಾರಿನ ಪಿಕ್ ಅಥವಾ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಮೂಲೆ ಸಾಕು. ಕ್ಲಿಪ್ ಕಡೆಯಿಂದ ಮೆಲ್ಲಗೆ ಮೀಟಿ, ಟಕ್ ಎಂದ ಮೇಲೆ ಕೊಕ್ಕೆ ಕಡೆಗೆ ಜಾರಿಸಿ ತೆಗೆಯಿರಿ. ತುಂಬ ಚಪ್ಪಟೆ ಕೀಗಳಿರುವ ತೆಳು ಲ್ಯಾಪ್‌ಟಾಪ್ ಆದರೆ ಈ ಕೆಲಸಕ್ಕೆ ಇಳಿಯಲೇಬೇಡಿ ಎನ್ನುತ್ತೇನೆ. ಕೂದಲೆಳೆಯಷ್ಟು ಸಣ್ಣ ಕೊಕ್ಕೆ ಮುರಿದರೂ ಕೀ ಮತ್ತೆ ಕೂರುವುದಿಲ್ಲ.

L ಎತ್ತಿದಾಗ ಕತ್ತರಿಯ ಒಂದು ಕೀಲಿನ ಸುತ್ತ ಕಂದು ಬಣ್ಣದ ವಾರ್ನಿಷ್‌ನಂಥ ಪೊರೆ ಕಂಡಿತು. ಅದರಲ್ಲಿ ಕುಂಕುಮ ಸಿಕ್ಕಿಕೊಂಡಿತ್ತು. ಕುತೂಹಲಕ್ಕೆ ಮೊದಲು 99% ಐಪಿಎ ಹಚ್ಚಿ ನೋಡಿದೆ. ಕುಂಕುಮ ಬಂತು, ಪೊರೆ ಬರಲಿಲ್ಲ. ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿದ ಕಡ್ಡಿಯನ್ನು ಅರ್ಧ ನಿಮಿಷ ಅಲ್ಲೇ ಒತ್ತಿ ಹಿಡಿದೆ. ಪೊರೆ ಮೆತ್ತಗಾಗಿ ಕಡ್ಡಿಗೇ ಬಂತು. ಇನ್ನೊಂದು ಹೊಸ ಕಡ್ಡಿಯಲ್ಲಿ ಹಾಗೇ ಮಾಡಿ, ಕೊನೆಗೆ 99% ಐಪಿಎಯಲ್ಲಿ ಒಮ್ಮೆ ಒರೆಸಿದೆ. ಈ ಕೊನೆಯ ಒರೆಸು ಉಳಿದ ನೀರನ್ನು ಎಳೆದುಕೊಂಡು ಹೋಗುತ್ತದೆ. ರಬ್ಬರ್ ಟೋಪಿಯನ್ನು ಎಳೆಯಬಾರದು. ಅದು ಕೆಳಗೆ ಅಂಟಿಸಿದ್ದು, ಕಿತ್ತರೆ ಸರಿಯಾಗಿ ಕೂರಿಸುವುದು ಕಷ್ಟ.

Enter ಕೆಳಗೆ ಕತ್ತರಿಯ ಜೊತೆಗೆ ಒಂದು ತೆಳು ಲೋಹದ ತಂತಿಯೂ ಇರುತ್ತದೆ. Shift, Space, Backspace ಕೂಡ ಸಾಮಾನ್ಯವಾಗಿ ಹೀಗೇ. ಉದ್ದದ ಕೀ ಯಾವ ತುದಿ ಒತ್ತಿದರೂ ಸಮವಾಗಿ ಇಳಿಯಲಿ ಎಂದು ಆ ತಂತಿ. ಅದು ಎರಡು ಪುಟ್ಟ ಕೊಕ್ಕೆಗಳಲ್ಲಿ ಜಾರುತ್ತದೆ. ಅಂಟಿದ್ದು ಅಲ್ಲೇ. ಉದ್ದದ ಕೀ ಎತ್ತುವ ಮೊದಲು ಫೋಟೋ ತೆಗೆದುಕೊಳ್ಳಿ. ಮತ್ತೆ ಕೂರಿಸುವಾಗ ಮೊದಲು ತಂತಿ ಕೊಕ್ಕೆಗೆ, ಆಮೇಲೆ ಕ್ಲಿಪ್. ಹಿಂದೆ ಮುಂದೆ ಮಾಡಿದರೆ ತಂತಿ ಬಗ್ಗುತ್ತದೆ. ಆಗ Enter ಜೀವನಪೂರ್ತಿ ಕಟಕಟ ಅನ್ನುತ್ತಿರುತ್ತದೆ.

ಕೀಗಳನ್ನು ಕೂರಿಸಿ, ರಾತ್ರಿಯಿಡೀ ತೆರೆದಿಟ್ಟು, ಬೆಳಿಗ್ಗೆ ಆನ್ ಮಾಡಿದೆ. L ಮತ್ತು Enter ಸರಿಯಾದವು.

`;` ಕೀಯನ್ನೂ ಎತ್ತಿ ನೋಡಿದ್ದೆ. ಕತ್ತರಿ ಸ್ವಚ್ಛವಾಗಿತ್ತು. ಕೀ ತೆಗೆದಿಟ್ಟು ಆನ್ ಮಾಡಿದರೂ ಅಕ್ಷರ ತಾನೇ ಬೀಳುತ್ತಿತ್ತು. ಒತ್ತಲು ಕೀಯೇ ಇಲ್ಲ, ಆದರೂ ಬೀಳುತ್ತದೆ ಅಂದರೆ ಅನುಮಾನಕ್ಕೆ ಜಾಗವಿಲ್ಲ. ರಬ್ಬರ್ ಟೋಪಿಯ ಕೆಳಗೆ ಪ್ಲಾಸ್ಟಿಕ್ ಹಾಳೆಗಳ ಪದರವಿರುತ್ತದೆ, ಅದರ ಮೇಲೆ ವಿದ್ಯುತ್ ಹರಿಯುವ ಗೆರೆಗಳು ಅಚ್ಚಾಗಿರುತ್ತವೆ. ಕಾಯಿ ನೀರು ಹಾಳೆಗಳ ನಡುವೆ ತಾನೇ ಹೀರಿಕೊಂಡು ಹೋಗಿದೆ. ಅದರಲ್ಲಿ ಸಕ್ಕರೆಯ ಜೊತೆ ಪೊಟ್ಯಾಸಿಯಂನಂಥ ಲವಣವೂ ಇದೆ, ಅದು ವಿದ್ಯುತ್ ಹಾಯಿಸುತ್ತದೆ. ಮೇಲಿನಿಂದ ಎಷ್ಟು ಐಪಿಎ ಸುರಿದರೂ ಅಲ್ಲಿಗೆ ಮುಟ್ಟುವುದಿಲ್ಲ. ಸುರಿದರೆ ಇನ್ನಷ್ಟು ಕೀಗಳ ಕೆಳಗೆ ಹರಡುತ್ತದೆ ಅಷ್ಟೇ. ಇದಕ್ಕೆ ಕೀಬೋರ್ಡ್ ಬದಲಾಯಿಸುವುದೇ ದಾರಿ.

ಸ್ಕ್ರೀನಿನ ಮಸುಕು

ಈಗ ಸ್ಕ್ರೀನ್. ಅತ್ತಿಗೆಯದು ಹೊಳಪಿಲ್ಲದ ಮ್ಯಾಟ್ ಸ್ಕ್ರೀನ್. ಅದರ ಮೇಲ್ಮೈ ಗಾಜಲ್ಲ, ಪ್ಲಾಸ್ಟಿಕ್ ಪೊರೆ. ಪೊರೆಯ ಮೇಲೆ ಗಟ್ಟಿ ಲೇಪ, ಅದರಲ್ಲಿ ಕಣ್ಣಿಗೆ ಕಾಣದ ಉಬ್ಬು ತಗ್ಗು. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದಂತೆ ಚದುರಿಸುವುದು ಆ ಉಬ್ಬುತಗ್ಗುಗಳೇ. ಗಾಜು ಒರೆಸುವ ಹಲವು ದ್ರವಗಳಲ್ಲಿ ಅಮೋನಿಯಾ ಇರುತ್ತದೆ. ಅದು ಕ್ಷಾರ. ಕಿಟಕಿ ಗಾಜಿಗೆ ಏನೂ ಆಗುವುದಿಲ್ಲ, ಈ ಲೇಪವನ್ನು ಮತ್ತು ಕೆಳಗಿನ ಪೊರೆಯನ್ನು ಅದು ತಿನ್ನುತ್ತದೆ. ಅಸಿಟೋನ್, ಥಿನ್ನರ್, ಬ್ಲೀಚ್ ಇನ್ನೂ ಬೇಗ ಹಾಳು ಮಾಡುತ್ತವೆ. ವಿನಿಗರ್ ಮನೆಮದ್ದು ಎಂದು ಕೆಲವರು ಹೇಳುತ್ತಾರೆ. ಅದು ಆಮ್ಲ, ನಾನು ಬಳಸುವುದಿಲ್ಲ. ಹೊಳಪಿನ ಟಚ್ ಸ್ಕ್ರೀನಿನ ಮೇಲೆ ಗಾಜು ಇರುತ್ತದೆ ನಿಜ. ಆದರೆ ಪ್ರತಿಬಿಂಬ ತಡೆಯುವ, ಬೆರಳಿನ ಜಿಡ್ಡು ಹಿಡಿಯದಂತೆ ಮಾಡುವ ಲೇಪ ಆ ಗಾಜಿನ ಮೇಲೆ ತೀರ ತೆಳುವಾಗಿರುತ್ತದೆ. ಅದೂ ಹೀಗೇ ಸವೆಯುತ್ತದೆ.

ಎಡಗಡೆಯ ಮಸುಕು ಕೊಳೆಯೋ, ಲೇಪ ಹೋಗಿದ್ದೋ? ಸ್ಕ್ರೀನ್ ಆಫ್ ಮಾಡಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಕಲೆ ಕಂಡರೆ ಅದು ಮೇಲ್ಮೈಯಲ್ಲಿದೆ. ಕಲೆಯ ಅಂಚು ಎಲ್ಲಿದೆ ಎಂದು ಫೋಟೋ ತೆಗೆಯಿರಿ. ಡಿಸ್ಟಿಲ್ಡ್ ವಾಟರ್ ತಾಗಿಸಿದ ಬಟ್ಟೆಯಲ್ಲಿ ಒಮ್ಮೆ ಒರೆಸಿ. ತೇವ ಇರುವಾಗ ಎರಡು ಬಗೆಯ ಕಲೆಯೂ ಮಾಯವಾಗುತ್ತದೆ. ಇಲ್ಲಿ ಮೋಸ ಹೋಗುವವರು ಬಹಳ. ಪೂರ್ತಿ ಆರಿದ ಮೇಲೆ ಮತ್ತೆ ಟಾರ್ಚ್ ಬಿಡಿ. ಕೊಳೆ ಅಥವಾ ಉಪ್ಪಿನ ಗುರುತಾದರೆ ಕಲೆ ತೆಳುವಾಗಿರುತ್ತದೆ, ಇಲ್ಲವೇ ಒರೆಸಿದ ದಿಕ್ಕಿಗೆ ಆಕಾರ ಬದಲಿಸಿರುತ್ತದೆ. ಲೇಪ ಹೋಗಿದ್ದರೆ ಅದೇ ಆಕಾರ, ಅದೇ ಅಂಚು, ಫೋಟೋದಲ್ಲಿದ್ದಂತೆಯೇ ಮರಳುತ್ತದೆ. ಅತ್ತಿಗೆಯದು ಮೂರು ಸಲವೂ ಹಾಗೇ ಮರಳಿತು. ಅದು ಇನ್ನು ಹೋಗುವುದಿಲ್ಲ. ಉಜ್ಜಿದಷ್ಟೂ ಅಗಲವಾಗುತ್ತದೆ. ಟೂತ್‌ಪೇಸ್ಟ್, ಕಾರಿನ ಪಾಲಿಶ್ ಎಂದೆಲ್ಲ ಪ್ರಯೋಗ ಮಾಡಿದವರು ಕೊನೆಗೆ ಪ್ಯಾನಲ್ಲನ್ನೇ ಬದಲಾಯಿಸಿದ್ದಾರೆ.

ಕೆಳಗಿನ ಮೋಡದ ಕಲೆ ಬೇರೆ ಜಾತಿ. ಟಾರ್ಚಿಗೆ ಅದು ಕಾಣಲೇ ಇಲ್ಲ. ಸ್ಕ್ರೀನ್ ಆನ್ ಮಾಡಿ ಪೂರ್ತಿ ಬಿಳಿ ಪುಟ ತೆರೆದಾಗ ಮಾತ್ರ ಕಂಡಿತು. ಅಂದರೆ ಕಲೆ ಒಳಗಿದೆ. ನೇರವಾಗಿ ಸ್ಪ್ರೇ ಮಾಡಿದ ದ್ರವ ಕೆಳಕ್ಕೆ ಇಳಿದು, ಚೌಕಟ್ಟಿನ ಸಂದಿಯಿಂದ ಪ್ಯಾನಲ್ಲಿನ ಹಾಳೆಗಳ ನಡುವೆ ಹೋಗಿದೆ. ಸ್ಕ್ರೀನ್ ಓಡಿಸುವ ಸೂಕ್ಷ್ಮ ಸರ್ಕ್ಯೂಟ್‌ಗಳೂ ಸಾಮಾನ್ಯವಾಗಿ ಆ ಕೆಳ ಅಂಚಿನಲ್ಲೇ ಇರುತ್ತವೆ. ಅಲ್ಲಿಗೆ ತಾಗಿದ್ದರೆ ನಿಂತ ಗೆರೆಗಳು ಬರುತ್ತಿದ್ದವು. ಅತ್ತಿಗೆಯ ಅದೃಷ್ಟ, ಕಲೆಯಲ್ಲೇ ಮುಗಿಯಿತು.

ಹಾಗಾದರೆ ಒರೆಸುವುದು ಹೇಗೆ? ಆಫ್ ಮಾಡಿ, ಹತ್ತು ಹದಿನೈದು ನಿಮಿಷ ತಣ್ಣಗಾಗಲು ಬಿಡಿ. ಕಪ್ಪು ಸ್ಕ್ರೀನಿನಲ್ಲಿ ಕೊಳೆಯೂ ಚೆನ್ನಾಗಿ ಕಾಣುತ್ತದೆ. ಮೊದಲು ಊದಿ ಪುಡಿ ತೆಗೆಯಿರಿ. ಕುಂಕುಮವೋ ರಸ್ತೆ ಧೂಳೋ ಇರುವಾಗ ಬಟ್ಟೆ ಎಳೆದರೆ ಉಪ್ಪುಕಾಗದ ಎಳೆದಂತೆ. ಕನ್ನಡಕದ ಜೊತೆ ಕೊಡುವಂಥ ಮೈಕ್ರೋಫೈಬರ್ ಬಟ್ಟೆ ತೆಗೆದುಕೊಳ್ಳಿ. ಹಳೆಯ ಪಂಚೆ ಮೆತ್ತಗಿರುತ್ತದೆ, ಆದರೆ ಅದರಲ್ಲಿ ಗಂಜಿಯೋ ಸೋಪೋ ಉಳಿದಿರುತ್ತದೆ. ಟಿಶ್ಯೂ ಪೇಪರ್ ಬೇಡ. ಡಿಸ್ಟಿಲ್ಡ್ ವಾಟರ್ ಬಟ್ಟೆಗೆ ತಾಗಲಿ, ಸ್ಕ್ರೀನಿಗೆ ನೇರವಾಗಿ ಬೇಡ. ಎಷ್ಟು ತೇವ? ಬಟ್ಟೆಯನ್ನು ಮುಂಗೈಗೆ ಒತ್ತಿ ತೆಗೆದರೆ ತಣ್ಣಗಾಗಬೇಕು, ಹನಿ ನಿಲ್ಲಬಾರದು. ಇನ್ನೊಂದು ಕೈ ಮುಚ್ಚಳದ ಹಿಂದೆ ಆಸರೆಯಾಗಿರಲಿ. ಮೇಲಿನಿಂದ ಕೆಳಕ್ಕೆ, ಕೆನ್ನೆ ಸವರಿದಷ್ಟೇ ಒತ್ತಡದಲ್ಲಿ ಒರೆಸಿ. ಕೆಳ ಅಂಚಿಗೆ ಒಂದು ಬೆರಳು ಮೇಲೆಯೇ ನಿಲ್ಲಿಸಿ, ಆ ಪಟ್ಟಿಯನ್ನು ಒಣಬಟ್ಟೆಯಲ್ಲಿ ಮುಗಿಸಿ. ಜಿಡ್ಡು ಹೋಗದಿದ್ದರೆ ಇನ್ನೆರಡು ಸಲ ನೀರಿನಲ್ಲೇ ಒರೆಸಿ. 70% ಐಪಿಎ ಸ್ಕ್ರೀನಿಗೆ ಆಗುತ್ತದೆ ಎಂದು ಕೆಲವು ತಯಾರಕರು ಹೇಳುತ್ತಾರೆ, ಇನ್ನು ಕೆಲವರು ಬೇಡ ಎನ್ನುತ್ತಾರೆ. ನಿಮ್ಮ ಮಾಡೆಲಿನ ಕೈಪಿಡಿಯಲ್ಲಿ ಇಲ್ಲದಿದ್ದರೆ ಮಾಡಬೇಡಿ.

ಮುಚ್ಚಳದ ಮೇಲಿನ ಅರಿಶಿನದ ಹಳದಿ ನೀರಿಗೆ ಜಗ್ಗುವುದಿಲ್ಲ, ಆಲ್ಕೋಹಾಲಿಗೆ ಬರುತ್ತದೆ. ಗಟ್ಟಿ ಪ್ಲಾಸ್ಟಿಕ್ ಅಥವಾ ಲೋಹವಾದರೆ 70% ಐಪಿಎ ತಾಗಿಸಿದ ಬಟ್ಟೆ ಸಾಕು. ರಬ್ಬರಿನಂತೆ ಮೆತ್ತಗಿನ ಲೇಪದ ಮುಚ್ಚಳಕ್ಕೆ ಮಾತ್ರ ಬೇಡ, ಆ ಲೇಪವೇ ಅಂಟಂಟಾಗಿ ಬಿಡಬಹುದು.

ಕೊನೆಗೆ ಅತ್ತಿಗೆ ಸ್ಕ್ರೀನನ್ನು ಹಾಗೇ ಬಿಟ್ಟರು. ಆನ್ ಇದ್ದಾಗ ಎದುರಿನಿಂದ ನೋಡಿದರೆ ಎಡಗಡೆಯ ಮಸುಕು ಅಷ್ಟಾಗಿ ಕಾಣುವುದಿಲ್ಲ. ಕೀಬೋರ್ಡ್ ಮಾತ್ರ ಬದಲಾಯಿಸಲೇಬೇಕಿತ್ತು. ಅದಕ್ಕೆ ಅಂಗಡಿಗೆ ಹೋಗುವ ಮೊದಲು ಲ್ಯಾಪ್‌ಟಾಪ್ ತಳದ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ. ಕೀಬೋರ್ಡ್ ಸ್ಕ್ರೂನಲ್ಲಿ ನಿಂತಿದೆಯೋ, ಇಲ್ಲ ಪ್ಲಾಸ್ಟಿಕ್ ಕರಗಿಸಿ ಮೇಲ್ಭಾಗಕ್ಕೆ ಬೆಸೆದಿದ್ದಾರೋ ಎಂದು ಕೇಳಿ. ಬೆಸೆದಿದ್ದರೆ ಕೈ ಇಡುವ ಮೇಲ್ಭಾಗವನ್ನೂ ಸೇರಿಸಿ ಬದಲಾಯಿಸಬೇಕಾಗಬಹುದು, ಖರ್ಚು ಜಾಸ್ತಿ. ಅತ್ತಿಗೆಯದು ಸ್ಕ್ರೂನದು. ಹೊಸದು ಬರುವವರೆಗೆ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಕೊಟ್ಟೆ. `;` ತಾನೇ ಬೀಳುವುದು ಅದರಿಂದ ನಿಲ್ಲುವುದಿಲ್ಲವಲ್ಲ, ಹಾಗಾಗಿ ತಳ ಬಿಚ್ಚಿ, ಬ್ಯಾಟರಿ ಕನೆಕ್ಟರ್ ತೆಗೆದು, ಒಳಗಿನ ಕೀಬೋರ್ಡಿನ ಪಟ್ಟಿ ಕೇಬಲ್ಲನ್ನೂ ಬಿಡಿಸಿಟ್ಟೆ.